ವೇತನ ಮಾತುಕತೆಯಲ್ಲಿ ಕಾರ್ಮಿಕ ಸಂಘದ ಹೇಳಿಕೆ

ವೇತನ ಪರಿಷ್ಕರಣೆಯ ಸಭೆಯಲ್ಲಿ ಕಾರ್ಮಿಕ ಪ್ರತಿನಿಧಿ ಆಡಳಿತ ವರ್ಗದ ಮುಂದೆ ಓದಿ, ಸಹಿ ಮಾಡಿ ಒಪ್ಪಿಸುವ ಲಿಖಿತ ನಿಲುವು. ಬೇಡಿಕೆ ಪಟ್ಟಿ ಏನು ಬೇಕೆಂದು ಹೇಳಿದರೆ, ಹೇಳಿಕೆ ಅದು ಏಕೆ, ಯಾವ ದಿನಾಂಕದಿಂದ ಬೇಕು ಎಂಬುದನ್ನು ಸಮರ್ಥಿಸುತ್ತದೆ. ಇದರ ಸ್ವರೂಪ ತಿಳಿಯಲು ಕರ್ನಾಟಕದ ಸಾರಿಗೆ ನೌಕರರ ಹಿಂಬಾಕಿ ವಿವಾದ ಒಳ್ಳೆಯ ಉದಾಹರಣೆ.

ಹಿನ್ನೆಲೆ. ರಾಜ್ಯದ ನಾಲ್ಕು ರಸ್ತೆ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಿಸುವ ರೂಢಿಯಿದೆ. 2020ರ ಜನವರಿ 1ರಿಂದ ಆಗಬೇಕಿದ್ದ ಪರಿಷ್ಕರಣೆ ತಡವಾಗಿ, ಮೂಲ ವೇತನದ ಮೇಲಿನ ಶೇ 15 ಏರಿಕೆ 2023ರ ಮಾರ್ಚ್ 1ರಿಂದಷ್ಟೇ ಕೈಗೆ ಸಿಕ್ಕಿತು. ನಡುವಿನ 38 ತಿಂಗಳ ಹಿಂಬಾಕಿ ಕೊಡಿ ಎಂದು ಸಂಘಗಳು ಪಟ್ಟು ಹಿಡಿದವು. 2024ರ ಜನವರಿ 1ರಿಂದ ಮುಂದಿನ ಪರಿಷ್ಕರಣೆಯೂ ಆಗಬೇಕೆಂಬುದು ಇನ್ನೊಂದು ಬೇಡಿಕೆಯಾಗಿತ್ತು.

ಲೆಕ್ಕ. ಹೇಳಿಕೆಯ ಬಲವಿರುವುದು ಲೆಕ್ಕದಲ್ಲಿ. ಚಾಲಕನೊಬ್ಬನ ಮೂಲ ವೇತನ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 15ರಂತೆ ತಿಂಗಳ ಏರಿಕೆ 3,000 ರೂಪಾಯಿ. ತುಟ್ಟಿಭತ್ಯೆ ಬಿಟ್ಟು, 38 ತಿಂಗಳಿಗೆ 1,14,000 ರೂಪಾಯಿ ಆಗುತ್ತದೆ. ಮಾತುಕತೆಯಲ್ಲಿ ಸರ್ಕಾರ ಒಪ್ಪಿದ 14 ತಿಂಗಳಿಗೆ ಬರುವುದು 42,000. ಉಳಿದ 72,000 ರೂಪಾಯಿಯೇ ಜಗಳದ ತಿರುಳಾಗಿತ್ತು. ಏರಿಕೆ ಮೂಲ ವೇತನಕ್ಕೋ ಒಟ್ಟು ವೇತನಕ್ಕೋ ಎಂದು ನಮೂದಿಸದೆ ಬರೀ ಶೇಕಡಾವಾರು ಹೇಳಿದರೆ, ಒಪ್ಪಂದವಾದ ಮೇಲೂ ತಕರಾರು ಏಳುತ್ತದೆ.

ಭಾಷೆ. ಹೇಳಿಕೆ ಸಾಮಾನ್ಯವಾಗಿ ‘ಮಾನ್ಯ ಅಧ್ಯಕ್ಷರೇ’ ಎಂದು ಆರಂಭವಾಗುತ್ತದೆ. ಹಿಂದಿನ ಒಪ್ಪಂದವನ್ನು ನೆನಪಿಸಿ, ಆಡಳಿತ ವರ್ಗದ ಅಡಚಣೆಯನ್ನು ಒಪ್ಪಿಕೊಂಡು, ಅಲ್ಲಿಂದ ತನ್ನ ವಾದಕ್ಕೆ ಬರುತ್ತದೆ. ಮಾದರಿಗೆ: ‘ನಿಗಮ ನಷ್ಟದಲ್ಲಿದೆ ಎಂದು ತಾವು ಹೇಳಿದ್ದೀರಿ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ 38 ತಿಂಗಳೂ ನಮ್ಮವರು ಬಸ್ ಓಡಿಸಿದ್ದಾರೆ. ಒಂದೇ ಕಂತಿನಲ್ಲಿ ಆಗದಿದ್ದರೆ ಕಂತುಗಳ ಬಗ್ಗೆ ಮಾತಾಡೋಣ; ತಿಂಗಳುಗಳನ್ನು ಕಡಿತ ಮಾಡುವ ಬಗ್ಗೆ ಅಲ್ಲ.’ ಇಲ್ಲಿ ಗೌರವ ಸಂಬೋಧನೆಯಲ್ಲಷ್ಟೇ ಇಲ್ಲ, ಎದುರಿನವರ ಮಾತಿಗೆ ಉತ್ತರ ಕೊಡುವುದರಲ್ಲಿಯೂ ಇದೆ. ಬಿಗಿ ಇರುವುದು ಎಲ್ಲಿ ಸಡಿಲಿಸುತ್ತೇವೆ, ಎಲ್ಲಿ ಇಲ್ಲ ಎಂಬ ಗೆರೆಯಲ್ಲಿ. ವ್ಯಕ್ತಿಗಳ ಮೇಲೆ ಆರೋಪ ಹೊರಿಸಿದರೆ ಚರ್ಚೆ ಅತ್ತ ಹೊರಳಿ ಲೆಕ್ಕ ಹಿಂದೆ ಬೀಳುತ್ತದೆ.

ಮಿತಿ. ಓದಿದ ಹೇಳಿಕೆ ಯಾರನ್ನೂ ಕಟ್ಟಿಹಾಕದು. ಸಭಾ ನಡವಳಿಯಲ್ಲಿ ಸೇರದಿದ್ದರೆ ಮುಂದೆ ಅದನ್ನು ಪುರಾವೆಯಾಗಿ ತೋರಿಸುವುದೂ ಕಷ್ಟ. ಈ ವಿವಾದದ ವೇಳೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಸಂಧಾನಾಧಿಕಾರಿಯ ಮುಂದೆ 12(3) ಕಲಮಿನಡಿ ಆದ ಒಪ್ಪಂದ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು; ಸಂಧಾನದ ಹೊರಗೆ ಮಾಡಿಕೊಂಡದ್ದು ಸಹಿ ಹಾಕಿದವರಿಗೆ ಮಾತ್ರ.

ಸಾರಿಗೆ ನೌಕರರ ವಿವಾದದಲ್ಲಿ 2025ರ ಆಗಸ್ಟ್ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗಿನ ಸಭೆ ಫಲ ಕೊಡಲಿಲ್ಲ. ಮುಷ್ಕರಕ್ಕೆ ಹೈಕೋರ್ಟ್ ತಡೆ ನೀಡಿದ್ದರೂ ಮರುದಿನ ಅದು ನಡೆಯಿತು. ನ್ಯಾಯಾಲಯ ಗರಂ ಆದ ಬಳಿಕ ಸಂಘಗಳು ಅದನ್ನು ಹಿಂತೆಗೆದುಕೊಂಡವು.