ತಿಥಿಯ ಹಬ್ಬ, ತಾರೀಖಿನ ಲೆಕ್ಕ: ಹಬ್ಬದ ಕಸದ ಮುನ್ನಂದಾಜು ನಡೆದುಬಂದ ದಾರಿ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಕಂಪಲಾಪುರದಿಂದ ಹುಣಸೂರಿನ ಮೇಲೆ ಮೈಸೂರಿಗೆ ಹೊರಟರೆ ದಾರಿಯುದ್ದಕ್ಕೂ ಅಂಗಡಿ, ಗ್ಯಾರೇಜುಗಳ ಮುಂದೆ ಒಡೆದ ಬೂದುಗುಂಬಳ, ಬಾಡಿದ ಬಾಳೆಕಂದು, ಮಾವಿನ ತೋರಣ. ನೀರು ತುಂಬಿದ ಈ ಹಸಿಕಸ ತೂಕದಲ್ಲಿ ಭಾರಿ. ಎಷ್ಟು ಗಾಡಿ, ಎಷ್ಟು ಪೌರಕಾರ್ಮಿಕರು ಬೇಕೆಂದು ಮೊದಲೇ ತಿಳಿಯಬೇಕಾದರೆ ಹಳೆಯ ಸಂಗ್ರಹದ ಲೆಕ್ಕವೇ ಆಧಾರ.

ಈ ಲೆಕ್ಕದ ಮೊದಲ ಸಲಕರಣೆಗಳು ಬಂದದ್ದು ವ್ಯಾಪಾರದ ಲೋಕದಿಂದ. ಹೋಲ್ಟ್ 1957ರಲ್ಲಿ, ವಿಂಟರ್ಸ್ 1960ರಲ್ಲಿ ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಡುವ ವಿಧಾನವನ್ನು ಬೆಳೆಸಿದರು. 1970ರಲ್ಲಿ ಬಾಕ್ಸ್ ಮತ್ತು ಜೆಂಕಿನ್ಸ್ ಅವರ ಪುಸ್ತಕ ಅರಿಮಾ ಮಾದರಿಗಳನ್ನು ಬಳಕೆಗೆ ತಂದಿತು. 2002ರಲ್ಲಿ ನವಾರೊ-ಎಸ್ಬ್ರಿ ಮತ್ತು ಸಂಗಡಿಗರು ಇಂಥ ಋತುಮಾನದ ಮಾದರಿಯನ್ನು ನಗರದ ಕಸಕ್ಕೇ ಅನ್ವಯಿಸಿದರು. ಭಾನುವಾರದ ಬಾಕಿ ಸೋಮವಾರ ಸೇರುವಂಥ ವಾರದ ಏರಿಳಿತವನ್ನು ಇವು ಚೆನ್ನಾಗಿ ಹಿಡಿಯುತ್ತವೆ.

ಎಡವುವುದು ಹಬ್ಬದಲ್ಲಿ. ಆಯುಧಪೂಜೆ 2023ರಲ್ಲಿ ಅಕ್ಟೋಬರ್ 23ಕ್ಕೆ ಬಂತು, 2024ರಲ್ಲಿ ಅಕ್ಟೋಬರ್ 11ಕ್ಕೆ. 365 ದಿನ ಹಿಂದಕ್ಕೆ ನೋಡುವ ಮಾದರಿ 2024ರ ಏರಿಕೆಯನ್ನು ಅಕ್ಟೋಬರ್ 22ರಂದು ತೋರಿಸುತ್ತದೆ. ಹಬ್ಬ ಮುಗಿದು ಹನ್ನೊಂದು ದಿನವಾದ ಮೇಲೆ ಬರುವ ಎಚ್ಚರಿಕೆ ಯಾರಿಗೂ ಬೇಡ.

ಚಾಂದ್ರಮಾನದ ಹೊಸವರ್ಷ ಆಚರಿಸುವ ತೈವಾನಿಗೂ ಇದೇ ತೊಡಕಿತ್ತು. ಅಲ್ಲಿನ ಹೆದ್ದಾರಿ ಸಂಚಾರದ ಲೆಕ್ಕವನ್ನಿಟ್ಟುಕೊಂಡು ಲಾನ್-ಮು ಲಿಯು 1980ರಲ್ಲಿ ಹಬ್ಬವನ್ನೇ ಪ್ರತ್ಯೇಕ ಅಂಶವಾಗಿ ಮಾದರಿಗೆ ಸೇರಿಸಿದರು. 2017ರಲ್ಲಿ ಫೇಸ್‌ಬುಕ್ ಹೊರತಂದ ಪ್ರಾಫೆಟ್‌ನಲ್ಲಿ ಹಬ್ಬದ ತಾರೀಖು, ಅದರ ಹಿಂದುಮುಂದಿನ ದಿನಗಳನ್ನು ಪಟ್ಟಿಯಾಗಿ ಕೊಟ್ಟರೆ ಸಾಕು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಲೆಕ್ಕಕ್ಕೆ ಪಂಚಾಂಗ ಸೇರಿತು.

ಒಂದು ಉದಾಹರಣೆ ಕಟ್ಟಿ ನೋಡೋಣ. ಊರಿನ ಸಾಮಾನ್ಯ ದಿನದ ಕಸ 100 ಟನ್ ಎನ್ನಿ. ಹಬ್ಬದಿಂದ ನಾಲ್ಕು ದಿನ ಸಂಗ್ರಹವಾದದ್ದು 110, 140, 140, 110. ಹೆಚ್ಚುವರಿ ಒಟ್ಟು 100 ಟನ್, ಅಂದರೆ ಒಂದು ಇಡೀ ದಿನದ ಕಸ. ಮುಂದಿನ ವರ್ಷ ಸಾಮಾನ್ಯ ದಿನದ ಕಸ 110 ಟನ್ನಿಗೇರಿದರೆ ಹೆಚ್ಚುವರಿಯೂ 110 ಟನ್ ಎಂದು ಅಂದಾಜು ಮಾಡಿ, ಹೊಸ ತಾರೀಖಿಗೆ ಜೋಡಿಸಬೇಕು.

ಇಲ್ಲೇ ಒಂದು ಮೋಸವೂ ಅಡಗಿದೆ. ಎರಡು ದಿನ ಸರಿಯಾಗಿ 140ಕ್ಕೇ ನಿಂತದ್ದೇಕೆ? ಬಿದ್ದ ಕಸ ಅಷ್ಟೇ ಎಂದಲ್ಲ, ಗಾಡಿಗಳು ಎತ್ತಬಲ್ಲದ್ದು ಅಷ್ಟೇ ಇರಬಹುದು. ಉಳಿದದ್ದು ಬೀದಿಯಲ್ಲಿ ಕೊಳೆತು ಮರುದಿನದ ಲೆಕ್ಕ ಸೇರುತ್ತದೆ. ಅಂಥ ಅಂಕಿಯನ್ನು ನಂಬಿ ಮತ್ತೆ ಅಷ್ಟೇ ಗಾಡಿ ಕಳಿಸಿದರೆ ಕೊರತೆಯೇ ಮುಂದುವರಿಯುತ್ತದೆ. ಏರಿಕೆಯ ತುದಿ ಚಪ್ಪಟೆಯಾಗಿ, ಗಾಡಿಗಳ ಟ್ರಿಪ್ ಸಂಖ್ಯೆಯೂ ಗರಿಷ್ಠ ಮುಟ್ಟಿದ್ದರೆ ಅದೇ ಗುರುತು. ಆಗ ದಿನದಿನದ ಅಂಕಿಗಿಂತ ನಾಲ್ಕು ದಿನದ ಒಟ್ಟು ಮೊತ್ತ ಹೆಚ್ಚು ನಂಬಿಕೆಗೆ ಅರ್ಹ. ಐದು ವರ್ಷದ ದಾಖಲೆಯಲ್ಲಿ ಸಾವಿರದೆಂಟುನೂರಕ್ಕೂ ಹೆಚ್ಚು ದಿನಗಳಿದ್ದರೂ ಆಯುಧಪೂಜೆ ಐದೇ. ಹಾಗಾಗಿ ಒಂದೇ ಅಂಕಿ ಹೇಳದೆ, ಕನಿಷ್ಠ ಗರಿಷ್ಠ ಎರಡನ್ನೂ ಹೇಳುವುದು ಪ್ರಾಮಾಣಿಕ.

ತೂಕದ ಯಂತ್ರವಿಲ್ಲದ ಊರಿನಲ್ಲಿ ಟ್ರಿಪ್ ಎಣಿಸಿದರೂ ನಡೆಯುತ್ತದೆ. ಆದರೆ ಆ ಪುಸ್ತಕದಲ್ಲಿ ತಾರೀಖಿನ ಪಕ್ಕ ಎರಡು ಕಲಂ ಇರಲಿ: ಹಬ್ಬಕ್ಕೆ ಎಷ್ಟನೆಯ ದಿನ, ಸಂಜೆ ಎತ್ತದೆ ಉಳಿದ ರಾಶಿ ಎಷ್ಟು. ಮೊದಲನೆಯದನ್ನು ಪಂಚಾಂಗ ನೋಡಿ ಆಮೇಲೂ ತುಂಬಬಹುದು. ಎರಡನೆಯದನ್ನು ಅಂದೇ ಬರೆಯದಿದ್ದರೆ ಯಾವ ಮಾದರಿಯೂ ಹುಡುಕಿ ಕೊಡಲಾರದು.