ಮೂರು ಸ್ಪ್ರಿಂಗ್ ಇದ್ದರೆ ಭಾರ ಸಮನಾಗಿ ಹಂಚಿಕೆಯಾಗುತ್ತದೆಯೇ?

ಮೂರು ಆಧಾರ ಕೊಟ್ಟರೆ ಪ್ರತಿಯೊಂದಕ್ಕೂ ಮೂರನೇ ಒಂದು ಪಾಲು ಭಾರ ಬೀಳುತ್ತದೆ ಎಂಬುದು ಹಲವರ ನಂಬಿಕೆ. ಒಂದೇ ಬಗೆಯ ಸ್ಪ್ರಿಂಗ್‌ಗಳಿದ್ದು, ಭಾರ ಸರಿಯಾಗಿ ನಡುವೆ ಇದ್ದರೆ ಮಾತ್ರ ಇದು ನಿಜ.

ಲೆಕ್ಕ ಹೀಗಿದೆ

2 ಮೀಟರ್ ಉದ್ದದ, ಬಾಗದಷ್ಟು ಗಟ್ಟಿಯಾದ ತೊಲೆಯ ಎರಡು ತುದಿಗಳಲ್ಲೂ ನಡುವೆಯೂ ಒಂದೊಂದು ಸ್ಪ್ರಿಂಗ್ ಇದೆ ಎನ್ನೋಣ. ಪ್ರತಿ ಸ್ಪ್ರಿಂಗ್ 1 ಕೆಜಿ ಭಾರಕ್ಕೆ 1 ಮಿ.ಮೀ. ಕುಗ್ಗುತ್ತದೆ. ನಡುವಿನಿಂದ ಎಡಕ್ಕೆ ಅರ್ಧ ಮೀಟರ್ ದೂರದಲ್ಲಿ 60 ಕೆಜಿ ಇಡೋಣ. ತೊಲೆಯ ತೂಕ ಲೆಕ್ಕಕ್ಕಿಲ್ಲ.

ಮೂರೂ ಪಾಲು ಸೇರಿ 60 ಕೆಜಿ ಆಗಬೇಕು. ತೊಲೆ ಮಗುಚದೆ ನಿಲ್ಲಲು ಎಡ ತುದಿ ಬಲ ತುದಿಗಿಂತ 30 ಕೆಜಿ (60 × 0.5 ÷ 1) ಹೆಚ್ಚು ಹೊರಬೇಕು. ಆದರೆ ಗೊತ್ತಿಲ್ಲದ ಸಂಖ್ಯೆ ಮೂರು, ಸಮೀಕರಣ ಎರಡೇ.

ಮೂರನೆಯದು ತೊಲೆಯ ಆಕಾರದಿಂದ ಸಿಗುತ್ತದೆ. ತೊಲೆ ವಾಲಿದರೂ ನೇರವಾಗಿಯೇ ಇರುವುದರಿಂದ, ನಡುವಿನ ಕುಗ್ಗುವಿಕೆ ಎರಡು ತುದಿಗಳ ಸರಾಸರಿಯಾಗಿರಲೇಬೇಕು. ಹಾಗಾಗಿ ನಡುವಿನ ಸ್ಪ್ರಿಂಗ್‌ಗೆ 20 ಕೆಜಿ, ಎಡಕ್ಕೆ 35, ಬಲಕ್ಕೆ 5. ಕುಗ್ಗುವಿಕೆಯೂ 35, 20, 5 ಮಿ.ಮೀ. ಎರಡೂ ಕಡೆ 15 ಮಿ.ಮೀ. ಇಳಿತವಿರುವುದರಿಂದ ಉತ್ತರ ಸರಿ.

ಎಚ್ಚರಿಕೆ

ಭಾರ ನಡುವಿನಿಂದ ಸುಮಾರು 67 ಸೆಂ.ಮೀ. ದಾಟಿದರೆ ಬಲ ತುದಿಯ ಉತ್ತರ ಮೈನಸ್ ಬರುತ್ತದೆ. ಸ್ಪ್ರಿಂಗ್‌ಗೆ ಬಿಗಿಯದ ತೊಲೆ ಅಲ್ಲಿ ಮೇಲೇಳುತ್ತದೆ. ಆಗ ಉಳಿದ ಎರಡೇ ಸ್ಪ್ರಿಂಗ್‌ಗಳಿಂದ ಮತ್ತೆ ಲೆಕ್ಕ ಹಾಕಬೇಕು.