ಸಾಲಕ್ಕೆ ಮುರಿದುಕೊಳ್ಳುವ ಹಕ್ಕು ಎಲ್ಲಿಯವರೆಗೆ?

ಉಳಿತಾಯ ಖಾತೆಯ ಹಣವನ್ನು ಬ್ಯಾಂಕು ಕೇಳದೆ ಸಾಲಕ್ಕೆ ಮುರಿದುಕೊಂಡರೆ ಗ್ರಾಹಕನಿಗೆ ಅದು ಕಳವಿನಂತೆ ಕಾಣುತ್ತದೆ. ಕಾನೂನು ಹಾಗೆ ನೋಡುವುದಿಲ್ಲ. ಖಾತೆಗೆ ಕಟ್ಟಿದ ಹಣ ಬ್ಯಾಂಕಿನದಾಗುತ್ತದೆ, ಅಷ್ಟು ಮೊತ್ತವನ್ನು ಮರಳಿಸಬೇಕಾದ ಸಾಲಗಾರನಾಗಿ ಮಾತ್ರ ಬ್ಯಾಂಕು ನಿಲ್ಲುತ್ತದೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1848ರಲ್ಲೇ ತೀರ್ಮಾನಿಸಿತು. ಇಬ್ಬರೂ ಒಬ್ಬರಿಗೊಬ್ಬರು ಬಾಕಿ ಇದ್ದರೆ ಲೆಕ್ಕ ಹೊಂದಿಸಿ ಉಳಿದದ್ದನ್ನು ಕೊಡಬಹುದು ಎಂಬ ಬ್ಯಾಂಕಿನ ವಾದಕ್ಕೆ ಇದು ಆಧಾರ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮು ಗ್ರಾಹಕನ ಸೊತ್ತನ್ನು ಬಾಕಿಗಾಗಿ ತಡೆಹಿಡಿಯುವ ಹಕ್ಕನ್ನೂ ಬ್ಯಾಂಕಿಗೆ ಕೊಟ್ಟಿತು. 1992ರಲ್ಲಿ ಸುಪ್ರೀಂ ಕೋರ್ಟು ಠೇವಣಿ ರಸೀದಿಗಳ ಮೇಲೂ ಈ ಹಕ್ಕು ಇದೆ ಎಂದಿತು.

ಹಕ್ಕಿನ ಜತೆಗೆ ಗಡಿಗಳೂ ಬೆಳೆದವು. ಬಾಕಿ ಈಗಾಗಲೇ ಕೊಡಬೇಕಾದದ್ದಾಗಿರಬೇಕು. ಎರಡೂ ಲೆಕ್ಕ ಒಬ್ಬನ ಹೆಸರಿನಲ್ಲಿ, ಒಂದೇ ಹೈಸಿಯತ್ತಿನಲ್ಲಿ ಇರಬೇಕು. 50,000 ರೂಪಾಯಿ ಸಾಲ ಉಳಿಸಿಕೊಂಡ ಒಬ್ಬನ ಸ್ವಂತ ಖಾತೆಯಲ್ಲಿ 20,000, ಹೆಂಡತಿಯೊಡನೆ ಇರುವ ಜಂಟಿ ಖಾತೆಯಲ್ಲಿ 80,000 ಇದೆ ಎನ್ನಿ. 5,000ದ ಒಂದು ಕಂತು ಮಾತ್ರ ತಪ್ಪಿದ್ದು, ಪೂರ್ತಿ ಸಾಲವನ್ನು ಬ್ಯಾಂಕು ಹಿಂದಕ್ಕೆ ಕೇಳಿಲ್ಲದಿದ್ದರೆ ಅದು ತೆಗೆದುಕೊಳ್ಳಬಹುದಾದದ್ದು ಆ ಕಂತು ಮತ್ತು ಅದರ ಬಡ್ಡಿಯಷ್ಟೇ, ಅದೂ ಸ್ವಂತ ಖಾತೆಯಿಂದ. ಹೆಂಡತಿ ಆ ಸಾಲಕ್ಕೆ ಸಹಿ ಹಾಕಿರದಿದ್ದರೆ ಜಂಟಿ ಖಾತೆಗೆ ಕೈ ಹಾಕುವಂತಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿದೆ: ಬಂದದ್ದು ಯಾವ ಹಣ? ಪಿಂಚಣಿ, ಗ್ರಾಚುಯಿಟಿ ಠೇವಣಿಯಾಗಿ ಮಾರ್ಪಟ್ಟರೂ ಜಪ್ತಿಯಿಂದ ಅವಕ್ಕಿರುವ ರಕ್ಷಣೆ ಹೋಗದು ಎಂದು ಬ್ಯಾಂಕ್ ಸಾಲದ ವಸೂಲಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. 2024ರ ಆಗಸ್ಟಿನಲ್ಲಿ ವಯನಾಡಿನ ಭೂಕುಸಿತದ ಸಂತ್ರಸ್ತರಿಗೆ ಸರ್ಕಾರ ಕೊಟ್ಟ ಪರಿಹಾರದಿಂದ ಗ್ರಾಮೀಣ ಬ್ಯಾಂಕೊಂದು ಸಾಲದ ಕಂತು ಕಡಿದುಕೊಂಡಾಗ ಪ್ರತಿಭಟನೆ ನಡೆದು, ಹಣ ಮರಳಿತು. ಕರ್ನಾಟಕದಲ್ಲೂ ಅದೇ ವರ್ಷ ಬರ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದೆಂದು ಸರ್ಕಾರ ಸೂಚಿಸಬೇಕಾಯಿತು. ಕಂಪ್ಯೂಟರಿಗೆ ಕಂತಿನ ತಾರೀಕು ಗೊತ್ತು, ಹಣ ಬಂದ ಉದ್ದೇಶ ಗೊತ್ತಿಲ್ಲ. ಆದ್ದರಿಂದ ತಪ್ಪು ಪದೇ ಪದೇ ಆಗುತ್ತದೆ.

ಇದನ್ನು ತಡೆಯಲು ಮುನ್ಸೂಚನೆಯೇ ಸಾಧನ. ರಿಸರ್ವ್ ಬ್ಯಾಂಕು 2003ರ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲಿ, ಸಾಲ ತೀರಿದ ಮೇಲೂ ಬೇರೆ ಬಾಕಿಗಾಗಿ ಆಧಾರಪತ್ರಗಳನ್ನು ಉಳಿಸಿಕೊಳ್ಳುವಾಗ ಪೂರ್ತಿ ವಿವರದೊಂದಿಗೆ ಸಾಲಗಾರನಿಗೆ ತಿಳಿಸಬೇಕೆಂದಿದೆ. ಆಧಾರಪತ್ರಕ್ಕೆ ಸಲ್ಲುವ ಈ ನಿಯಮ ಉಳಿತಾಯದ ಹಣಕ್ಕೂ ಸಲ್ಲಬೇಕು. ಮೊದಲೇ ಹೇಳಿದರೆ ಗ್ರಾಹಕ ಹಣ ಎತ್ತಿಕೊಂಡು ಹೋಗುತ್ತಾನೆ ಎಂಬ ಬ್ಯಾಂಕುಗಳ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬಾಕಿಯಷ್ಟು ಮೊತ್ತವನ್ನು ಕೆಲವು ದಿನ ತಡೆಹಿಡಿದು, ಆಕ್ಷೇಪಕ್ಕೆ ಅವಕಾಶ ಕೊಟ್ಟು, ಆಮೇಲೆ ಮುರಿದುಕೊಂಡರೆ ಈ ಅಂಜಿಕೆಗೆ ಕಾರಣವಿಲ್ಲ. ಸಾಲಪತ್ರದಲ್ಲಿ ಗ್ರಾಹಕ ಮೊದಲೇ ಒಪ್ಪಿ ಸಹಿ ಹಾಕಿದ್ದಾನೆಂಬ ಮಾತೂ ಇದೆ. ಆ ಸಹಿ ಹಕ್ಕನ್ನು ಕೊಡುತ್ತದೆ, ನಿಜ. ಬಾಕಿಯ ಲೆಕ್ಕ ಸರಿಯೇ, ಹಣ ಪಿಂಚಣಿಯದೇ, ಪರಿಹಾರದ್ದೇ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಅದನ್ನು ಹೇಳಬಲ್ಲವನು ಖಾತೆದಾರ, ಹಣ ಹೋಗುವ ಮುಂಚೆ ಅವನನ್ನು ಕೇಳಬೇಕು.